ಒಂದೇ ಬ್ಯಾಂಕ್, ಎರಡು ಖಾತೆ: ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲ, ಎನ್‌ಆರ್‌ಒ ಬಡ್ಡಿಗೆ ಶೇ 31.2 ಕಡಿತ ಯಾಕೆ?

ಕುಂದಾಪುರದಿಂದ ಹೋಗಿ ದುಬೈನಲ್ಲಿ ಕೆಲಸ ಮಾಡುತ್ತಿರುವ ಒಬ್ಬರನ್ನು ಊಹಿಸಿಕೊಳ್ಳಿ. ಸಂಬಳದಲ್ಲಿ ಉಳಿಸಿ ಕಳಿಸಿದ 20 ಲಕ್ಷ ರೂಪಾಯಿ, ಅನಿವಾಸಿ ಭಾರತೀಯರು ಹೊರಗಿನ ಗಳಿಕೆ ಇಡುವ ಎನ್‌ಆರ್‌ಇ ಖಾತೆಯ ಎಫ್‌ಡಿಯಲ್ಲಿದೆ. ತಂದೆಯ ಮನೆ ಮಾರಿದಾಗ ಪಾಲಿಗೆ ಬಂದ 20 ಲಕ್ಷ, ಅವರು ಭಾರತದೊಳಗಿನ ಆದಾಯ ಇಡುವ ಎನ್‌ಆರ್‌ಒ ಖಾತೆಯ ಎಫ್‌ಡಿಯಲ್ಲಿದೆ. ಎರಡಕ್ಕೂ ಶೇ 7ರ ಬಡ್ಡಿ, ಅಂದರೆ ವರ್ಷಕ್ಕೆ ತಲಾ 1,40,000 ರೂಪಾಯಿ. ಮೊದಲನೆಯದು ಪೂರ್ತಿ ಕೈಗೆ ಬರುತ್ತದೆ. ಎರಡನೆಯದರಲ್ಲಿ 43,680 ರೂಪಾಯಿ ಟಿಡಿಎಸ್ ಹೋಗುತ್ತದೆ. ಬ್ಯಾಂಕ್ ಅದೇ, ಶಾಖೆ ಅದೇ, ಖಾತೆದಾರರೂ ಅವರೇ.

ಈ ವ್ಯತ್ಯಾಸದ ಬೇರು 1970ರಲ್ಲಿದೆ. ದೇಶಕ್ಕೆ ವಿದೇಶಿ ವಿನಿಮಯ ಬೇಕಿತ್ತು, ಅದನ್ನು ತರುವವರಿಗಾಗಿ ಎನ್‌ಆರ್‌ಇ ಖಾತೆ ಹುಟ್ಟಿತು. ಹೊರಗಿನಿಂದ ಬಂದ ಹಣ ಬೇಕೆಂದಾಗ ಹೊರಗೆ ಹೋಗಬಹುದು, ಬಡ್ಡಿಗೆ ಆದಾಯ ತೆರಿಗೆಯೂ ಇಲ್ಲ ಎಂಬುದು ಅದರ ಆಕರ್ಷಣೆ. ಬಾಡಿಗೆ, ಪಿಂಚಣಿ, ಆಸ್ತಿ ಮಾರಿದ ದುಡ್ಡು ಹೀಗೆ ಇಲ್ಲಿಯೇ ಹುಟ್ಟಿದ ಹಣ ಎನ್‌ಆರ್‌ಒ ಪಾಲಾಯಿತು. ವಿದೇಶಿ ವಿನಿಮಯವನ್ನು ಬಿಗಿಯಾಗಿ ನಿಯಂತ್ರಿಸುತ್ತಿದ್ದ ಫೆರಾ ಕಾಯ್ದೆಯ ಕಾಲವಿಡೀ ಆ ಹಣದ ಅಸಲಿಗೆ ಹೊರದಾರಿ ಬಹುತೇಕ ಮುಚ್ಚಿಯೇ ಇತ್ತು. 1991ರ ವಿದೇಶಿ ವಿನಿಮಯದ ಬಿಕ್ಕಟ್ಟು ಕಳೆದು, 2000ದ ಜೂನ್‌ನಲ್ಲಿ ಅದರ ಜಾಗಕ್ಕೆ ಫೆಮಾ ಕಾಯ್ದೆ ಬಂದ ಮೇಲೆ ಹಿಡಿತ ಸಡಿಲವಾಯಿತು. 2003ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಎನ್‌ಆರ್‌ಒ ಹಣವನ್ನು ಹೊರಗೆ ಕಳಿಸಲು ಬಿಟ್ಟಿತು. ಆಗ ಕ್ಯಾಲೆಂಡರ್ ವರ್ಷದ ಲೆಕ್ಕವಿತ್ತು, ಈಗ ಏಪ್ರಿಲ್‌ನಿಂದ ಮಾರ್ಚ್.

ನಿಜವಾದ ಗೋಜಲು ಶುರುವಾದದ್ದು 2011ರ ಡಿಸೆಂಬರ್‌ನಲ್ಲಿ. ರೂಪಾಯಿ ಕುಸಿಯುತ್ತಿತ್ತು, ಡಾಲರ್ ಬರಬೇಕಿತ್ತು. ಅದುವರೆಗೆ ಎನ್‌ಆರ್‌ಇ ಠೇವಣಿಯ ಬಡ್ಡಿಗೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿತ್ತು, ಎಫ್‌ಡಿಗೆ ಸುಮಾರು ಶೇ 4ರ ಆಸುಪಾಸು. ಡಿಸೆಂಬರ್ 16ರಂದು ಆ ಮಿತಿ ತೆಗೆಯಿತು. ಸ್ವಲ್ಪ ದಿನಗಳಲ್ಲೇ ಹಲವು ಬ್ಯಾಂಕುಗಳು ಶೇ 9ರ ಮೇಲೆ ಕೊಡತೊಡಗಿದವು. ತೆರಿಗೆ ವಿನಾಯಿತಿ ಮಾತ್ರ ಇದ್ದಂತೆಯೇ ಉಳಿಯಿತು. ಹಾಗಾಗಿ ಎನ್‌ಆರ್‌ಇಯಲ್ಲಿ ಶೇ 9 ಪೂರ್ತಿ ಸಿಕ್ಕರೆ, ಎನ್‌ಆರ್‌ಒದಲ್ಲಿ ಅದೇ ಶೇ 9ರಿಂದ ಆಗಿನ ಶೇ 30.9 ಕಡಿತವಾಗಿ ಸುಮಾರು ಶೇ 6.2 ಉಳಿಯುತ್ತಿತ್ತು.

ಆಗ ಎನ್‌ಆರ್‌ಒದಿಂದ ಎನ್‌ಆರ್‌ಇಗೆ ನೇರ ವರ್ಗಾವಣೆಗೆ ಅವಕಾಶವಿರಲಿಲ್ಲ. ವಿದೇಶಕ್ಕೆ ಕಳಿಸಬಹುದು, ವಿದೇಶದಿಂದ ಎನ್‌ಆರ್‌ಇಗೆ ತರಿಸಬಹುದು. ಅಂದರೆ ಕುಂದಾಪುರದ ಶಾಖೆಯ ಹಣ ದುಬೈಗೆ ಹೋಗಿ, ದಿರ್ಹಮ್ ಆಗಿ, ಮತ್ತೆ ರೂಪಾಯಿಯಾಗಿ ಅದೇ ಶಾಖೆಯ ಪಕ್ಕದ ಖಾತೆಗೆ ಬರಬೇಕು. ವಿನಿಮಯದ ಕಮಿಷನ್ ಮಾತ್ರ ಎರಡು ಸಲ. ಈ ಪ್ರದಕ್ಷಿಣೆಯಿಂದ ದೇಶಕ್ಕೆ ಒಂದು ಡಾಲರೂ ಹೆಚ್ಚಿಗೆ ಸಿಗುತ್ತಿರಲಿಲ್ಲ. 2012ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ನೇರ ವರ್ಗಾವಣೆಗೆ ಒಪ್ಪಿತು. ಮುಖ್ಯ ಷರತ್ತು: ಅದನ್ನೂ ಹಣ ಹೊರಗೆ ಹೋದಂತೆಯೇ ಪರಿಗಣಿಸಿ 10 ಲಕ್ಷ ಡಾಲರಿನ ಮಿತಿಗೆ ಸೇರಿಸಬೇಕು. ಈಗಿನ ವ್ಯವಸ್ಥೆಯ ಬಾಗಿಲು ಇದೇ. ಎನ್‌ಆರ್‌ಒದಿಂದ ಹೊರಬರುವಾಗ ಒಮ್ಮೆ ಲೆಕ್ಕ ಕೊಡಬೇಕು, ಎನ್‌ಆರ್‌ಇಗೆ ಬಂದ ಮೇಲೆ ಮಿತಿಯಿಲ್ಲ.

ಎನ್‌ಆರ್‌ಒ ಬಡ್ಡಿಯ ಕಡಿತ ಇಷ್ಟು ಜೋರಾಗಿರಲು ಕಾರಣ, ಊರಲ್ಲಿರುವವರಿಗೆ ಇರುವಂತೆ ಇಂತಿಷ್ಟು ಬಡ್ಡಿಯವರೆಗೆ ಟಿಡಿಎಸ್ ಇಲ್ಲ ಎಂಬ ರಿಯಾಯಿತಿ ಅನಿವಾಸಿಗಳಿಗೆ ಇಲ್ಲ. ಮೊದಲ ರೂಪಾಯಿಯಿಂದಲೇ ಶೇ 30, ಅದರ ಮೇಲೆ ಶೇ 4 ಸೆಸ್, ಒಟ್ಟು 31.2. ಆದಾಯ 50 ಲಕ್ಷ ದಾಟಿದರೆ ಸರ್‌ಚಾರ್ಜ್ ಬೇರೆ. ಆದರೆ ಕಡಿತವೇ ಅಂತಿಮ ತೆರಿಗೆಯಲ್ಲ. ನಮ್ಮ ಕುಂದಾಪುರದವರಿಗೆ ಭಾರತದಲ್ಲಿ 1,40,000 ಬಿಟ್ಟು ಬೇರೆ ಆದಾಯವಿಲ್ಲದಿದ್ದರೆ, ಹಳೆಯ ಪದ್ಧತಿಯ 2.5 ಲಕ್ಷದ ಮೂಲ ವಿನಾಯಿತಿಯೊಳಗೇ ಅದು ಮುಗಿಯುತ್ತದೆ. ಐಟಿಆರ್-2 ಸಲ್ಲಿಸಿದರೆ 43,680 ಪೂರ್ತಿ ವಾಪಸ್. ‘ತೆರಿಗೆ ಬ್ಯಾಂಕೇ ಹಿಡಿದಿದೆಯಲ್ಲ, ರಿಟರ್ನ್ ಯಾಕೆ’ ಎಂದು ಬಿಟ್ಟವರು ಕಳೆದುಕೊಳ್ಳುವುದು ಇದನ್ನೇ.

ಮೊದಲೇ ಕಡಿಮೆ ಹಿಡಿಸಲು ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದವಿದೆ. ಯುಎಇ ಜೊತೆಗಿನ ಒಪ್ಪಂದದಲ್ಲಿ ಇಂಥ ಬಡ್ಡಿಗೆ ಶೇ 12.5, ಸೆಸ್ ಸೇರುವುದಿಲ್ಲ. 43,680ರ ಜಾಗದಲ್ಲಿ 17,500 ಕಡಿತ. ಇದಕ್ಕೆ ಅಲ್ಲಿನ ತೆರಿಗೆ ಪ್ರಾಧಿಕಾರ ಕೊಡುವ ನಿವಾಸ ಪ್ರಮಾಣಪತ್ರ, ಇಷ್ಟು ವರ್ಷ ಫಾರಂ 10ಎಫ್ ಎನ್ನುತ್ತಿದ್ದ, ಆನ್‌ಲೈನ್‌ನಲ್ಲಿ ತುಂಬುವ ನಮೂನೆ, ಪ್ಯಾನ್ ಮತ್ತು ಸ್ವಯಂ ಘೋಷಣೆಯನ್ನು ಬಡ್ಡಿ ಜಮೆಯಾಗುವ ಮೊದಲೇ ಬ್ಯಾಂಕಿಗೆ ಕೊಡಬೇಕು, ಪ್ರತಿ ವರ್ಷವೂ. ಮಾರ್ಚ್ ಕೊನೆಗೆ ಕೊಟ್ಟರೆ ಅಷ್ಟರಲ್ಲಿ ಕಡಿತವಾದದ್ದಕ್ಕೆ ಮತ್ತೆ ರೀಫಂಡಿನ ದಾರಿಯೇ. ಬೇರೆ ಆದಾಯವಿಲ್ಲದವರು ಪ್ರಮಾಣಪತ್ರದ ಶುಲ್ಕವನ್ನೂ ಲೆಕ್ಕ ಹಾಕಿ ನೋಡುವುದು ಒಳ್ಳೆಯದು, ರೀಫಂಡ್ ಹೇಗೂ ಪೂರ್ತಿ ಬರುತ್ತದೆ.

ಇನ್ನು ಹಣ ದಾಟಿಸುವುದು. 10 ಲಕ್ಷ ಡಾಲರ್ ಎಂದರೆ ಹಲವು ಕೋಟಿ ರೂಪಾಯಿ. ಹೆಚ್ಚಿನವರಿಗೆ ತಡೆಯೊಡ್ಡುವುದು ಮಿತಿಯಲ್ಲ, ಕಾಗದಪತ್ರ. ಬಡ್ಡಿ, ಬಾಡಿಗೆ, ಪಿಂಚಣಿಯಂಥ ಚಾಲ್ತಿ ಆದಾಯ, ತೆರಿಗೆ ಕಟ್ಟಿದ ಮೇಲೆ, ಈ ಮಿತಿಯ ಲೆಕ್ಕಕ್ಕೇ ಬರುವುದಿಲ್ಲ. ಮಿತಿ ಇರುವುದು ಅಸಲು ಹಣಕ್ಕೆ. ನಮ್ಮ ಕುಂದಾಪುರದವರು 20 ಲಕ್ಷವನ್ನು ಎನ್‌ಆರ್‌ಇಗೆ ದಾಟಿಸಲು ಹೊರಟರೆ ಬ್ಯಾಂಕಿನ ಅರ್ಜಿ, ಫೆಮಾ ಘೋಷಣೆ, ಜೊತೆಗೆ ತೆರಿಗೆ ಇಲಾಖೆಗೆ ತಾವೇ ಸಲ್ಲಿಸುವ 15ಸಿಎ ಮತ್ತು ಚಾರ್ಟರ್ಡ್ ಅಕೌಂಟೆಂಟ್ ಕೊಡುವ 15ಸಿಬಿ ಎಂದೇ ಇಷ್ಟು ವರ್ಷ ಕರೆದುಕೊಂಡು ಬಂದ ಪತ್ರಗಳು ಬೇಕು. (2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ಸೆಕ್ಷನ್ ಮತ್ತು ಫಾರಂ ಸಂಖ್ಯೆಗಳು ಬದಲಾಗಿವೆ.) ಅಕೌಂಟೆಂಟ್ ಸಹಿ ಹಾಕುವ ಮೊದಲು ಮಾರಾಟ ಪತ್ರ, ವಾರಸಾ ದಾಖಲೆ, ತೆರಿಗೆ ಕಟ್ಟಿದ ಪುರಾವೆ ಕೇಳುತ್ತಾರೆ. ಎಡವಟ್ಟಾಗುವುದು ಇಲ್ಲೇ. ಹಳೆಯ ಪತ್ರದಲ್ಲಿರುವ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ಹೊಂದಿಕೆಯಾಗದು, ಖಾತೆಯಲ್ಲಿ ವಿವರಣೆಯಿಲ್ಲದ ನಗದು ಜಮೆ ಇರುತ್ತದೆ, ಅಥವಾ ತೆರಿಗೆ ಪೋರ್ಟಲ್‌ನಲ್ಲಿ ವ್ಯಕ್ತಿ ಇನ್ನೂ ‘ನಿವಾಸಿ’ ಎಂದೇ ಇರುತ್ತಾರೆ.

ಉಲ್ಟಾ ದಿಕ್ಕು ಮಾತ್ರ ಬಲು ಸುಲಭ. ಎನ್‌ಆರ್‌ಇಯಿಂದ ಎನ್‌ಆರ್‌ಒಗೆ ಮೊಬೈಲಿನಲ್ಲೇ ಹಾಕಬಹುದು, ಯಾರೂ ಏನೂ ಕೇಳುವುದಿಲ್ಲ. ಹಾಕಿದ ಕ್ಷಣಕ್ಕೆ ಅದು ಮಿತಿಯೊಳಗಿನ ಹಣವಾಗುತ್ತದೆ. ವಾಪಸ್ ತರಬೇಕೆಂದರೆ ಮತ್ತೆ ಅದೇ ಕಾಗದಪತ್ರದ ಸಾಲು. ಮನೆ ಖರ್ಚಿಗೆ ಬೇಕಾದಷ್ಟೇ ಹಾಕುವುದು ಜಾಣತನ.

ಕೊನೆಗೆ, ವರ್ಷಗಳ ನಂತರ ನೋಟಿಸ್ ಬಂದಾಗ ಗೊತ್ತಾಗುವ ಸಂಗತಿ. ‘ಅನಿವಾಸಿ’ ಎಂಬ ಒಂದೇ ಪದಕ್ಕೆ ಎರಡು ಕಾನೂನಿನಲ್ಲಿ ಎರಡು ಅರ್ಥ. ಆದಾಯ ತೆರಿಗೆ ದಿನ ಎಣಿಸುತ್ತದೆ, ಫೆಮಾ ಬಂದ ಉದ್ದೇಶವನ್ನೂ ನೋಡುತ್ತದೆ. ಎನ್‌ಆರ್‌ಇ ಬಡ್ಡಿಯ ವಿನಾಯಿತಿಗೆ ಎಣಿಕೆಯಾಗುವುದು ಫೆಮಾ ಅರ್ಥ. ನಮ್ಮ ಕುಂದಾಪುರದವರು ಅಕ್ಟೋಬರ್ 10ರಂದು ಕೆಲಸ ಬಿಟ್ಟು ಖಾಯಂ ಆಗಿ ಊರಿಗೆ ಬಂದರೆ, ಫೆಮಾ ಪ್ರಕಾರ ಅಂದಿನಿಂದಲೇ ನಿವಾಸಿ. ತೆರಿಗೆ ಕಾಯ್ದೆ ಅವರನ್ನು ಇನ್ನೆರಡು ವರ್ಷ ‘ಸಾಮಾನ್ಯ ನಿವಾಸಿಯಲ್ಲ’ ಎಂದು ಕರೆದರೂ ಎನ್‌ಆರ್‌ಇ ಬಡ್ಡಿಗೆ ಅಂದಿನಿಂದ ತೆರಿಗೆ ಇದೆ. ‘ಸಾಮಾನ್ಯ ನಿವಾಸಿಯಲ್ಲ’ ಎಂಬ ಸ್ಥಾನ ತೆರಿಗೆಯಿಂದ ಉಳಿಸುವುದು ವಿದೇಶಿ ಕರೆನ್ಸಿಯ ಎಫ್‌ಸಿಎನ್‌ಆರ್ ಠೇವಣಿಯ ಬಡ್ಡಿಯನ್ನು. ವಾಪಸಾದದ್ದು ಬ್ಯಾಂಕಿಗೆ ತಾನಾಗಿ ತಿಳಿಯುವುದಿಲ್ಲ, ಹಾಗಾಗಿ ಟಿಡಿಎಸ್ಸೂ ಹಿಡಿಯುವುದಿಲ್ಲ. ಬಂದ ಕೂಡಲೇ ಪಾಸ್‌ಪೋರ್ಟಿನ ಮೊಹರಿರುವ ಪುಟದ ಪ್ರತಿ ಕೊಟ್ಟು ಖಾತೆಯನ್ನು ನಿವಾಸಿ ಖಾತೆಯಾಗಿ ಅಥವಾ ವಾಪಸಾದವರು ವಿದೇಶಿ ಕರೆನ್ಸಿ ಇಡುವ ಆರ್‌ಎಫ್‌ಸಿ ಖಾತೆಯಾಗಿ ಬದಲಿಸಿಕೊಳ್ಳಬೇಕು, ಆ ವರ್ಷದ ಬಡ್ಡಿಯನ್ನು ಅಕ್ಟೋಬರ್ 10ಕ್ಕೆ ಎರಡಾಗಿ ಒಡೆದು ಎರಡನೇ ಭಾಗವನ್ನು ರಿಟರ್ನ್‌ನಲ್ಲಿ ತೋರಿಸಬೇಕು.