ಜರಡಿ ಅಂದರೆ ಸಾಣಿಗೆ, ಸಾಣಿಗೆ ಅಂದರೆ ಜರಡಿ

ಬೆಂಗಳೂರಿನ ಸರ್ಕಾರಿ ಶಾಲೆಯೊಂದರ ಐದನೇ ತರಗತಿಯನ್ನು ನೆನೆಸಿಕೊಳ್ಳಿ. ಒಂದು ಮಗುವಿನ ಮನೆಯಲ್ಲಿ ತಮಿಳು, ಪಕ್ಕದ ಮಗುವಿನ ಮನೆಯಲ್ಲಿ ತೆಲುಗು, ಅದರ ಹಿಂದಿನ ಸಾಲಿನಲ್ಲಿ ಉರ್ದು. ಪಾಠದಲ್ಲಿ ‘ಜರಡಿ’ ಅನ್ನೋ ಪದ ಬಂತು. ಮಗು ಅರ್ಥ ಹುಡುಕಿದರೆ ‘ಸಾಣಿಗೆ, ಜಲ್ಲಡೆ’ ಎಂದಿರುತ್ತದೆ. ‘ಸಾಣಿಗೆ’ ಹುಡುಕಿದರೆ ‘ಜರಡಿ’ ಎಂದಿರುತ್ತದೆ. ಉತ್ತರ ಕರ್ನಾಟಕದಲ್ಲಿ ಬೆಳೆದ ಮಗುವಿಗೆ ಸಾಣಿಗೆ ಗೊತ್ತಿರಬಹುದು, ಅಲ್ಲಿಗೆ ಕೆಲಸ ಮುಗಿಯಿತು. ಎರಡೂ ಗೊತ್ತಿಲ್ಲದ ಮಗು ಮಾತ್ರ ಹೊರಟಲ್ಲಿಗೇ ಬಂದು ನಿಲ್ಲುತ್ತದೆ.

ಇದನ್ನು ಸುತ್ತು ಅರ್ಥ ಎನ್ನೋಣ. ಬರೆದವರು ಸೋಮಾರಿಗಳು ಅಂತ ಇದಕ್ಕೆ ಕಾರಣ ಕೊಡುವುದು ಸುಲಭ, ಆದರೆ ಅದು ಸರಿಯಲ್ಲ. ಪದಕ್ಕೆ ಪದ ಕೊಡುವ ಈ ರೂಢಿ ತುಂಬ ಹಳೆಯದು, ಒಂದು ಕಾಲಕ್ಕೆ ಅದು ಸರಿಯಾದ ದಾರಿಯೂ ಆಗಿತ್ತು.

ನಮ್ಮ ಹಳೆಯ ನಿಘಂಟುಗಳು ಪದ್ಯದಲ್ಲಿವೆ. ಸಂಸ್ಕೃತದ ಅಮರಕೋಶ ಒಂದು ವಸ್ತುವಿಗೆ ಇರುವ ಹೆಸರುಗಳನ್ನೆಲ್ಲ ಒಂದೆಡೆ ಪೋಣಿಸುತ್ತದೆ. ಕನ್ನಡದಲ್ಲಿ ರನ್ನನ ಹೆಸರಿನ ‘ರನ್ನಕಂದ’ ಇದೆ. ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ನಾಗವರ್ಮನ ‘ಅಭಿಧಾನ ವಸ್ತುಕೋಶ’ ಇದೆ. ಇವನ್ನು ಯಾರೂ ಪುಟ ತಿರುವಿ ಹುಡುಕುತ್ತಿರಲಿಲ್ಲ, ಬಾಯಿಪಾಠ ಮಾಡುತ್ತಿದ್ದರು. ಓದುಗ ಕವಿಯೋ ಕವಿಯಾಗಲು ಹೊರಟವನೋ ಆಗಿದ್ದ. ಆನೆ ಎಂದರೇನು ಎಂದು ಅವನಿಗೆ ಹೇಳಬೇಕಿರಲಿಲ್ಲ. ಪ್ರಾಸಕ್ಕೆ, ಮಾತ್ರೆಗೆ ಹೊಂದುವ ಇನ್ನೊಂದು ಹೆಸರು ಸಿಕ್ಕರೆ ಸಾಕಿತ್ತು. ಅಲ್ಲಿ ಸಮಾನಪದವೇ ಸರಕು, ಸುತ್ತು ತಪ್ಪೇ ಅಲ್ಲ.

ಮುಂದೆ ಬಂದ ಕಿಟೆಲ್ ನಿಘಂಟು ಈ ತೊಂದರೆಯನ್ನು ಬೇರೆ ರೀತಿಯಲ್ಲಿ ದಾಟಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅದರಲ್ಲಿ ಅರ್ಥ ಇರುವುದು ಇಂಗ್ಲಿಷಿನಲ್ಲಿ. ಒಂದು ಭಾಷೆಯಿಂದ ಇನ್ನೊಂದಕ್ಕೆ ಜಿಗಿದಾಗ ಸುತ್ತು ತಾನಾಗಿ ಕಡಿದುಹೋಗುತ್ತದೆ, ಓದುವವನಿಗೆ ಇಂಗ್ಲಿಷ್ ಬಂದರೆ.

ನಿಜವಾದ ಕಷ್ಟ ಶುರುವಾಗುವುದು ಕನ್ನಡಕ್ಕೆ ಕನ್ನಡದಲ್ಲೇ ಅರ್ಥ ಬರೆಯಲು ಕೂತಾಗ. ಬೆಂಗಳೂರಿನ ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು ಆ ಕೆಲಸಕ್ಕೆ ಕೈಹಾಕಿತು. ದೊಡ್ಡ ‘ಕನ್ನಡ ನಿಘಂಟು’ವಿನ ಮೊದಲ ಸಂಪುಟ 1970ರಲ್ಲಿ ಬಂತು, ಎಂಟನೆಯದು 1995ರಲ್ಲಿ. ಅಲ್ಲಿ ಅರ್ಥದ ಜೊತೆಗೆ ಶಾಸನ, ಕಾವ್ಯಗಳಿಂದ ಎತ್ತಿದ ಪ್ರಯೋಗಗಳೂ ಇವೆ. ಅರ್ಥದ ಸಾಲು ತೀರ ಚಿಕ್ಕದಾಗಿದ್ದರೂ ಪ್ರಯೋಗ ನೋಡಿ ಓದುಗ ದಾರಿ ಹಿಡಿಯಬಹುದು. ಆ ಕೆಲಸದ ಮುಂಚೂಣಿಯಲ್ಲಿದ್ದ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪ್ರಶ್ನೆಗಳಿಗೂ ವರ್ಷಗಟ್ಟಲೆ ಉತ್ತರ ಕೊಟ್ಟರು. ಅಂಕಣದಲ್ಲಿ ಒಂದು ಪದಕ್ಕೆ ಇಡೀ ಪ್ಯಾರಾ ಸಿಗುತ್ತದೆ. ಶಾಲೆಯ ಪದಕೋಶದಲ್ಲಿ ಸಿಗುವುದು ಒಂದೂವರೆ ಸಾಲು. ಪ್ರಯೋಗಕ್ಕೂ ಅಲ್ಲಿ ಜಾಗವಿಲ್ಲ.

ಇದೇ ಗೋಳು ಇಂಗ್ಲಿಷಿನವರಿಗೂ ಇತ್ತು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟಿನಲ್ಲಿ ‘ನೆಟ್‌ವರ್ಕ್’ ಪದಕ್ಕೆ ಬರೆದ ಅರ್ಥ ಇಂದಿಗೂ ನಗೆಗೀಡಾಗುತ್ತದೆ. ನೆಟ್‌ವರ್ಕ್ ಎಂದರೆ ಬಲೆಯ ಹೆಣಿಗೆ, ಅಷ್ಟೇ. ಅದಕ್ಕೆ ಅವನು ‘ರೆಟಿಕ್ಯುಲೇಟೆಡ್’, ‘ಡೆಕಸೇಟೆಡ್’, ‘ಇಂಟರ್‌ಸ್ಟಿಸಸ್’ ಎಂಬ ಲ್ಯಾಟಿನ್ ಮೂಲದ ಭಾರಿ ಪದಗಳನ್ನು ಬಳಸಿದ. ಸರಿ, ‘ರೆಟಿಕ್ಯುಲೇಟೆಡ್’ ಅಂದರೇನು ಎಂದು ಅದೇ ನಿಘಂಟಿನಲ್ಲಿ ನೋಡಿದರೆ ‘ನೆಟ್‌ವರ್ಕ್‌ನಿಂದ ಮಾಡಿದ್ದು’ ಎಂದಿದೆ! ಕಠಿಣ ಪದ, ಸುತ್ತು, ಎರಡೂ ಒಂದೇ ಕಡೆ. ತಮಾಷೆ ಏನೆಂದರೆ ಜಾನ್ಸನ್‌ಗೆ ಇದು ಗೊತ್ತಿತ್ತು. ವಿವರಿಸುವ ಪದ ವಿವರಿಸಬೇಕಾದ ಪದಕ್ಕಿಂತ ಸುಲಭವಾಗಿರಬೇಕು, ಆದರೆ ಅಂಥ ಪದ ಯಾವಾಗಲೂ ಸಿಗುವುದಿಲ್ಲ ಅಂತ ಮುನ್ನುಡಿಯಲ್ಲೇ ಹೇಳಿಕೊಂಡಿದ್ದ.

ಸುಲಭ ಪದ ಅಂದರೆ ಯಾವುದು? ಈ ಪ್ರಶ್ನೆಗೆ ಗಟ್ಟಿ ಉತ್ತರ ಕೊಟ್ಟವನು ಬಂಗಾಳದಲ್ಲಿ ಇಂಗ್ಲಿಷ್ ಕಲಿಸುವ ಕೆಲಸದಲ್ಲಿದ್ದ ಮೈಕಲ್ ವೆಸ್ಟ್. ಅವನ ಮುಂದಿದ್ದವರೂ ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳೇ. 1935ರಲ್ಲಿ ಎಂಡಿಕಾಟ್ ಎಂಬವರ ಜೊತೆ ಸೇರಿ ಅವನು ಒಂದು ನಿಘಂಟು ತಂದ. ಅದರಲ್ಲಿ ಸುಮಾರು 24,000 ಪದ ಮತ್ತು ನುಡಿಗಟ್ಟುಗಳ ಅರ್ಥವನ್ನು ಬರೀ 1,490 ಪದಗಳಲ್ಲಿ ಬರೆದಿದ್ದರು. ಪಟ್ಟಿಯಲ್ಲಿ ಇಲ್ಲದ ಪದವನ್ನು ಅರ್ಥದಲ್ಲಿ ಬಳಸುವ ಹಾಗಿಲ್ಲ. 1978ರಲ್ಲಿ ಲಾಂಗ್‌ಮನ್ ನಿಘಂಟು ಸುಮಾರು 2,000 ಪದಗಳ ಪಟ್ಟಿಯೊಂದಿಗೆ ಇದೇ ದಾರಿ ಹಿಡಿಯಿತು.

ಪಟ್ಟಿ ಮಾಡಿಕೊಂಡರೆ ಸುತ್ತು ಎಲ್ಲಿ ನಿಲ್ಲಬೇಕು ಎನ್ನುವುದು ಮೊದಲೇ ತೀರ್ಮಾನವಾಗುತ್ತದೆ. ಆದರೆ ಬೇರೊಂದು ಕಡೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ‘ಶೋಧಿಸು’ ಎಂಬ ಒಂದು ಪದದ ಕೆಲಸಕ್ಕೆ ‘ದಪ್ಪನೆಯದನ್ನೂ ಸಣ್ಣದನ್ನೂ ಬೇರೆ ಮಾಡು’ ಎಂದು ನಾಲ್ಕು ಪದ ಬೇಕು. ಸರಳ ಮಾಡಿದಷ್ಟೂ ಉದ್ದವಾಗುತ್ತದೆ, ಚಿಕ್ಕದು ಮಾಡಿದಷ್ಟೂ ಕಠಿಣ ಪದ ನುಗ್ಗುತ್ತದೆ. ಅರ್ಥ ತಿದ್ದುವವರ ಕೆಲಸವೆಲ್ಲ ಈ ಎರಡರ ನಡುವಿನ ಎಳೆದಾಟ. ನನ್ನನ್ನು ಕೇಳಿದರೆ ಸುತ್ತನ್ನು ಮೊದಲು ಬಿಡಿಸಬೇಕು, ಆಮೇಲೆ ಪದ ಸರಳ ಮಾಡಬೇಕು, ಉದ್ದ ಕಡಿಮೆ ಮಾಡುವುದು ಕೊನೆಗೆ. ಎರಡು ಪದ ಜಾಸ್ತಿಯಾದರೆ ಮಗು ಓದುತ್ತದೆ. ಒಂದು ಪದ ಗೊತ್ತಾಗದಿದ್ದರೆ ಓದುವುದನ್ನೇ ಬಿಡುತ್ತದೆ.

ಜರಡಿಯನ್ನೇ ತಿದ್ದಿ ನೋಡೋಣ. ಎಲ್ಲೆಡೆ ಕಾಣುವ ಧಾಟಿಯಲ್ಲಿ ಒಂದು ಕರಡು ಹೀಗಿದೆ ಎಂದುಕೊಳ್ಳಿ: ‘ಧಾನ್ಯಾದಿ ಪದಾರ್ಥಗಳನ್ನು ಶೋಧಿಸಲು ಉಪಯೋಗಿಸುವ, ಸೂಕ್ಷ್ಮ ರಂಧ್ರಗಳುಳ್ಳ ಉಪಕರಣ, ಜಲ್ಲಡೆ, ಸಾಣಿಗೆ.’

ಕೊನೆಯ ಎರಡು ಪದಗಳನ್ನು ಮೊದಲು ತೆಗೆಯಬೇಕು. ಅವು ಅರ್ಥವಲ್ಲ, ಬೇರೆ ಹೆಸರುಗಳು. ಬೇಕಾದರೆ ‘ಇದನ್ನು ಹೀಗೂ ಕರೆಯುತ್ತಾರೆ’ ಎಂದು ಬೇರೆ ಸಾಲಿನಲ್ಲಿ ಇಡಬಹುದು. ಹಾಗೇ ‘ಜಲ್ಲಡೆ’, ‘ಸಾಣಿಗೆ’ ಎರಡರಲ್ಲೂ ‘ಜರಡಿ ನೋಡಿ’ ಎಂದು ಬರೆದರೆ ಮೂವರಲ್ಲಿ ಒಬ್ಬರು ಮಾತ್ರ ವಿವರಣೆಯ ಹೊರೆ ಹೊರುತ್ತಾರೆ. ‘ಜರಡಿ ಹಿಡಿ’ ಎಂಬ ಕ್ರಿಯಾಪದವನ್ನು ಜರಡಿಯಿಂದ ವಿವರಿಸಬಹುದು, ತಪ್ಪಿಲ್ಲ. ಆದರೆ ‘ಜರಡಿ ಹಿಡಿಯಲು ಬಳಸುವುದು’ ಎಂದು ಜರಡಿಯನ್ನು ವಿವರಿಸಬಾರದು. ದಾರಿ ಒಂದೇ ಕಡೆಗೆ ಹೋಗಬೇಕು.

ಈಗ ಪದಗಳು. ‘ಧಾನ್ಯಾದಿ’, ‘ಶೋಧಿಸು’, ‘ಸೂಕ್ಷ್ಮ’, ‘ರಂಧ್ರ’, ‘ಉಪಕರಣ’ ಇವೆಲ್ಲ ಜರಡಿಗಿಂತ ಕಷ್ಟದವು. ‘ರಂಧ್ರ’ ‘ತೂತು’ ಆಗುತ್ತದೆ, ‘ಸೂಕ್ಷ್ಮ’ ‘ಸಣ್ಣ’ ಆಗುತ್ತದೆ. ಇಲ್ಲಿ ಒಂದು ಮಾತು. ಸಂಸ್ಕೃತದ ಪದವೆಲ್ಲ ಕಷ್ಟ, ಅಚ್ಚಗನ್ನಡವೆಲ್ಲ ಸುಲಭ ಅಂತ ತಿಳಿಯಬಾರದು. ‘ಕಾರಣ’, ‘ದಿನ’ ಸಂಸ್ಕೃತದವು, ಎಲ್ಲರಿಗೂ ಗೊತ್ತು. ‘ಬಸ್ಸು’ ಇಂಗ್ಲಿಷಿನದು, ಅದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ನೋಡಬೇಕಾದ್ದು ಪದದ ಊರನ್ನಲ್ಲ, ಓದುವವರ ಬಾಯಲ್ಲಿ ಅದು ದಿನಾ ಬರುತ್ತದಾ ಎನ್ನುವುದನ್ನು.

‘ಉಪಕರಣ’ದ ಜಾಗ ಹೆಚ್ಚು ತಲೆ ತಿನ್ನುತ್ತದೆ. ಅದು ವಸ್ತು ಯಾವ ಜಾತಿಯದು ಎಂದು ಹೇಳುವ ಪದ. ‘ಸಾಧನ’ ಎಂದರೂ ಅಷ್ಟೇ: ಕತ್ತರಿಯೂ ಸಾಧನ, ಕಂಪ್ಯೂಟರೂ ಸಾಧನ. ‘ಪಾತ್ರೆ’ ಎಂದು ಬರೆದರೆ? ‘ಹಿಟ್ಟಿನಲ್ಲಿರುವ ದಪ್ಪ ಚೂರುಗಳನ್ನು ಬೇರೆ ಮಾಡಲು ಬಳಸುವ, ಅಡಿಯಲ್ಲಿ ಸಣ್ಣ ತೂತುಗಳಿರುವ ಪಾತ್ರೆ.’ ಅಡುಗೆಮನೆಗೆ ಚೆನ್ನಾಗಿ ಹೊಂದುತ್ತದೆ. ಆದರೆ ಬೆಂಗಳೂರಿನಲ್ಲಿ ಮನೆ ಕಟ್ಟುವ ಯಾವ ಜಾಗಕ್ಕೆ ಬೇಕಾದರೂ ಹೋಗಿ. ಅಲ್ಲಿ ಮರಳಿನ ಜರಡಿ ಎಂದರೆ ಓರೆಯಾಗಿ ನಿಲ್ಲಿಸಿದ ಚೌಕಟ್ಟು, ಅದಕ್ಕೆ ಬಿಗಿದ ತಂತಿಬಲೆ. ಸಲಿಕೆಯಲ್ಲಿ ಮರಳು ಎತ್ತಿ ಅದರ ಮೇಲೆ ಎಸೆಯುತ್ತಾರೆ. ಅದು ಪಾತ್ರೆಯಲ್ಲ, ಅದಕ್ಕೆ ಅಡಿಯೂ ಇಲ್ಲ, ಅದನ್ನು ಅಲ್ಲಾಡಿಸುವುದೂ ಇಲ್ಲ. ಅರ್ಥ ತೀರ ಕಿರಿದಾಯಿತು ಅಂತ ಗೊತ್ತಾಗುವುದು ಹೀಗೆ: ಎಲ್ಲರೂ ಜರಡಿ ಎಂದು ಕರೆಯುವ ಒಂದು ವಸ್ತು ಹೊರಗೆ ಉಳಿದುಬಿಡುತ್ತದೆ. ಹಿಗ್ಗಿತು ಅಂತ ಗೊತ್ತಾಗುವುದು ಇದರ ಉಲ್ಟಾ. ‘ಸಣ್ಣ ತೂತುಗಳಿರುವ ವಸ್ತು’ ಎಂದಷ್ಟೇ ಬರೆದರೆ ಸೊಳ್ಳೆಪರದೆಯೂ ಒಳಗೆ ಬಂದು ಕೂರುತ್ತದೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ, ಇದು ಇಂಗ್ಲಿಷಿನವರಿಗೆ ಇಲ್ಲದ್ದು. ಅವರಲ್ಲಿ ವಸ್ತುವಿನ ಜಾತಿ ಮೊದಲು ಬಂದು ವಿವರ ಆಮೇಲೆ ಬರುತ್ತದೆ. ನಮ್ಮಲ್ಲಿ ‘ಬಳಸುವ’, ‘ಇರುವ’, ‘ಬಿಗಿದ’ ಎಲ್ಲ ಮುಂದೆ ಸಾಲುಗಟ್ಟಿ, ಜಾತಿ ಹೇಳುವ ಪದ ಕಟ್ಟಕಡೆಗೆ ಬರುತ್ತದೆ. ಅಲ್ಲಿಯವರೆಗೆ ಮಗು ಎಲ್ಲವನ್ನೂ ತಲೆಯಲ್ಲಿ ಹಿಡಿದುಕೊಂಡಿರಬೇಕು. ಇಂಥ ವಿಶೇಷಣ ಒಂದಿದ್ದರೆ ಹಗುರ, ಎರಡಿದ್ದರೆ ಪರವಾಗಿಲ್ಲ, ಮೂರಾದರೆ ವಾಕ್ಯ ಒಡೆಯುವುದೇ ಮೇಲು. ಒಡೆದಾಗ ಹೀಗಾಗುತ್ತದೆ:

‘ಒಂದೇ ಅಳತೆಯ ಸಣ್ಣ ತೂತುಗಳಿರುವ ಬಲೆ ಅಥವಾ ತಗಡು. ಹಿಟ್ಟು, ಮರಳು ಮುಂತಾದವನ್ನು ಇದರ ಮೇಲೆ ಹಾಕಿದರೆ ಸಣ್ಣವು ಕೆಳಗೆ ಬೀಳುತ್ತವೆ, ದಪ್ಪವು ಮೇಲೆ ಉಳಿಯುತ್ತವೆ.’

ಅಡುಗೆಮನೆಯ ಜರಡಿ, ಮರಳಿನ ಜರಡಿ ಎರಡೂ ಒಳಗಿವೆ. ಸೊಳ್ಳೆಪರದೆ, ಮೀನಿನ ಬಲೆ ಹೊರಗಿವೆ. ಒಂದನ್ನು ಮಾತ್ರ ಕಳೆದುಕೊಂಡೆವು. ಹಳೆಯ ಸಂಪಾದಕರು ಅರ್ಥವನ್ನು ಪದದ ಜಾಗದಲ್ಲಿಟ್ಟು ಓದಿ ಪರೀಕ್ಷಿಸುತ್ತಿದ್ದರು: ‘ಅಮ್ಮ ಜರಡಿ ಕೊಟ್ಟರು’ ಎನ್ನುವಲ್ಲಿ ಅರ್ಥ ಕೂರುತ್ತದಾ ಎಂದು. ಎರಡು ವಾಕ್ಯವಾದರೆ ಅದು ಕೂರುವುದಿಲ್ಲ. 1987ರ ಕೋಬಿಲ್ಡ್ ಎಂಬ ಇಂಗ್ಲಿಷ್ ನಿಘಂಟು ಈ ಪರೀಕ್ಷೆಯನ್ನು ಬೇಕೆಂದೇ ಕೈಬಿಟ್ಟು, ಮೇಷ್ಟರು ತರಗತಿಯಲ್ಲಿ ಹೇಳುವಂತೆ ಪೂರ್ತಿ ವಾಕ್ಯಗಳಲ್ಲೇ ಅರ್ಥ ಬರೆಯಿತು. ಕಲಿಯುವವರ ಪದಕೋಶಕ್ಕೆ ಆ ದಾರಿ ಸರಿ ಅನ್ನಿಸುತ್ತದೆ. ಜಾಗ ಮಾತ್ರ ಜಾಸ್ತಿ ತಿನ್ನುತ್ತದೆ.

ಎಷ್ಟೇ ತಿದ್ದಿದರೂ ತಳದಲ್ಲಿ ಕೆಲವು ಪದ ಉಳಿಯುತ್ತವೆ. ‘ಕೆಂಪು’ ತೆಗೆದುಕೊಳ್ಳಿ. ಅದಕ್ಕಿಂತ ಸುಲಭದ ಪದ ಎಲ್ಲಿಂದ ತರೋದು? ‘ರಕ್ತದ ಬಣ್ಣ’ ಎಂದು ತೋರಿಸಬಹುದು. ಆಗ ‘ರಕ್ತ’ದ ಅರ್ಥದಲ್ಲಿ ‘ಕೆಂಪು ದ್ರವ’ ಎಂದಿದ್ದರೆ ಮತ್ತೆ ಸುತ್ತು. ನಿಘಂಟಿನ ಪದಗಳು ಇಂತಿಷ್ಟೇ ಆದ್ದರಿಂದ ಎಲ್ಲವನ್ನೂ ಪದಗಳಿಂದಲೇ ವಿವರಿಸಲು ಹೋದರೆ ಎಲ್ಲೋ ಒಂದು ಕಡೆ ಸುತ್ತು ಬಂದೇ ಬರುತ್ತದೆ. ಹಾಗಾಗಿ ಸಂಪಾದಕರು ಎಲ್ಲಿ ಕಡಿಯಬೇಕು ಎಂದು ಆರಿಸಿಕೊಳ್ಳುತ್ತಾರೆ. ರಕ್ತ ಎಲ್ಲ ಮಕ್ಕಳೂ ನೋಡಿರುವಂಥದ್ದು. ಆದ್ದರಿಂದ ‘ಕೆಂಪು’ ರಕ್ತವನ್ನು ತೋರಿಸಲಿ, ‘ರಕ್ತ’ ಮಾತ್ರ ಬಣ್ಣದ ಹೆಸರೆತ್ತದೆ ‘ಗಾಯವಾದಾಗ ಮೈಯಿಂದ ಹೊರಗೆ ಬರುವ ದ್ರವ’ ಎಂದಿರಲಿ. ‘ದ್ರವ’ ಆ ತರಗತಿಗೆ ಹೆಚ್ಚಾಯಿತು ಅನ್ನಿಸಿದರೆ ‘ನೀರಿನ ಹಾಗೆ ಹರಿಯುವುದು’ ಎಂದು ಬಿಡಿಸಿ ಬರೆಯಬಹುದು. ಆಗ ‘ನೀರು’ ಎಂಬ ಪದಕ್ಕೆ ಬರೆದ ಅರ್ಥದಲ್ಲಿ ‘ಹರಿಯುವುದು’ ಇದೆಯಾ ಎಂದು ಇನ್ನೊಮ್ಮೆ ತಿರುವಿ ನೋಡಬೇಕು.