600 ಎಎಚ್ ಬ್ಯಾಟರಿ ನಾಲ್ಕೂವರೆ ಗಂಟೆಗೇ ಏಕೆ ಕೈಕೊಡುತ್ತದೆ?

ಪ್ರಶ್ನೆ: ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಕಡೆ ಒಂದು ಟವರ್ ಸೈಟ್ ನೋಡಿಕೊಳ್ಳುತ್ತೇನೆ. 48 ವೋಲ್ಟ್, 600 ಎಎಚ್ ಬ್ಯಾಟರಿ ಬ್ಯಾಂಕ್ ಇದೆ. ಹಾಕಿ ಐದು ವರ್ಷವಾಯಿತು. ಬ್ಯಾಟರಿ ಮೇಲೆ ಓಡುವಾಗ ಲೋಡ್ 30 ಆಂಪ್. 600ನ್ನು 30ರಿಂದ ಭಾಗಿಸಿದರೆ 20 ಗಂಟೆ ಬರಬೇಕಲ್ವಾ? ಮಳೆಗಾಲದಲ್ಲಿ ದಿನಕ್ಕೆ ಏಳೆಂಟು ಗಂಟೆ ಕರೆಂಟ್ ಇರುವುದಿಲ್ಲ. ಆಗ ನಾಲ್ಕೂವರೆ ಗಂಟೆಗೇ ಸೈಟ್ ಆಫ್ ಆಗುತ್ತದೆ. 1000 ಎಎಚ್ ಹಾಕಿಸಲೇ?

ಉತ್ತರ: ಸದ್ಯಕ್ಕೆ ಹಾಕಿಸಬೇಡಿ. ಮೊದಲು ಆ 20 ಗಂಟೆ ಎಲ್ಲಿ ಹೋಯಿತು ಅಂತ ಹುಡುಕೋಣ. ಸ್ವಲ್ಪ ಭಾಗ ನ್ಯಾಯವಾಗಿಯೇ ಹೋಗಿದೆ, ಉಳಿದದ್ದು ಹೋಗಬಾರದಿತ್ತು.

ಬ್ಯಾಟರಿ ಮೇಲೆ ಬರೆದ 600 ಎಎಚ್ ಅನ್ನುವುದು ಹತ್ತು ಗಂಟೆಯ ಲೆಕ್ಕ. ಅಂದರೆ 60 ಆಂಪ್‌ನಂತೆ ಹತ್ತು ಗಂಟೆ. ನಿಮ್ಮ ಲೋಡ್ ಅದರ ಅರ್ಧ, ಹಾಗಾಗಿ ಸ್ವಲ್ಪ ಜಾಸ್ತಿಯೇ ಸಿಗುತ್ತದೆ. ಆದರೆ ಬ್ಯಾಟರಿಯ ರೇಟಿಂಗ್ 27 ಡಿಗ್ರಿ ಬಿಸಿಗೆ ಕೊಟ್ಟದ್ದು. ನಮ್ಮ ಮಳೆಗಾಲದ ರಾತ್ರಿಯ ಚಳಿ ಆ ಲಾಭವನ್ನು ತಿಂದುಹಾಕುತ್ತದೆ. ಎರಡನ್ನೂ ಸರಿಗೆ ಸರಿ ಅಂತ ಬಿಟ್ಟುಬಿಡೋಣ.

ಬಿಡಲಾಗದ್ದು ಎರಡು. ಮೊದಲನೆಯದು, ಸೀಸದ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಬಾರದು. ಹೆಚ್ಚೆಂದರೆ ನೂರರಲ್ಲಿ 80 ಭಾಗ ತೆಗೆಯಬಹುದು. ಅಲ್ಲಿಗೆ 20 ಗಂಟೆ 16 ಆಯಿತು. ಎರಡನೆಯದು ವಯಸ್ಸು. ಬ್ಯಾಟರಿಯ ಶಕ್ತಿ ಹೊಸದಿದ್ದಾಗಿನ 80 ಭಾಗಕ್ಕೆ ಇಳಿದರೆ ಅದರ ಆಯಸ್ಸು ಮುಗಿಯಿತು ಅಂತ ಲೆಕ್ಕ. ಐದು ವರ್ಷದ ನಿಮ್ಮ ಬ್ಯಾಂಕ್ ಅಲ್ಲಿಗೇ ಬಂದಿದೆ ಅಂತ ಇಟ್ಟುಕೊಂಡರೂ 16ರಲ್ಲಿ 80 ಭಾಗ, ಅಂದರೆ 12.8 ಗಂಟೆ ಬರಬೇಕು. ನಿಮಗೆ ಸಿಗುತ್ತಿರುವುದು ನಾಲ್ಕೂವರೆ. ಇಷ್ಟು ದೊಡ್ಡ ತೂತು ಸೈಜಿನದ್ದಲ್ಲ.

ನಿಮ್ಮ ಪತ್ರದ ಕೊನೆಯಲ್ಲಿ, ಸುಮ್ನೆ ಬರೆದಂತೆ, ಇನ್ನೊಂದು ಸಾಲಿತ್ತು: ‘ಎರಡು ರೆಕ್ಟಿಫೈಯರ್ ಮಾಡ್ಯೂಲ್‌ಗಳಲ್ಲಿ ಒಂದು ಮೇ ತಿಂಗಳ ಸಿಡಿಲಿಗೆ ಹೋಯಿತು, ಆದರೂ ಸೈಟ್ ನಡೆಯುತ್ತಿದೆ.’ ಉತ್ತರ ಅಲ್ಲೇ ಇದೆ. ಮೇನ್ಸ್ ಕರೆಂಟನ್ನು ಡಿಸಿ ಮಾಡಿ ಲೋಡ್ ನಡೆಸುವುದೂ ಬ್ಯಾಟರಿ ತುಂಬುವುದೂ ಈ ಮಾಡ್ಯೂಲ್‌ಗಳೇ.

2 ಕಿಲೋವ್ಯಾಟ್‌ನ ಒಂದು ಮಾಡ್ಯೂಲ್ 54 ವೋಲ್ಟ್‌ನಲ್ಲಿ ಸುಮಾರು 37 ಆಂಪ್ ಕೊಡುತ್ತದೆ. ಕರೆಂಟ್ ಇರುವಾಗ ನಿಮ್ಮ ಲೋಡ್ ಅದರಲ್ಲಿ 27 ಆಂಪ್ ಎಳೆಯುತ್ತದೆ. (30 ಅಲ್ಲ. ಈ ಉಪಕರಣಗಳಿಗೆ ಬೇಕಾದದ್ದು ವ್ಯಾಟ್. ವೋಲ್ಟ್ ಏರಿದರೆ ಆಂಪ್ ಇಳಿಯುತ್ತದೆ. ಹಾಗಾಗಿ ಲೋಡನ್ನು ಯಾವಾಗಲೂ ಬ್ಯಾಟರಿ ಮೇಲೆ ಓಡುವಾಗಲೇ ಅಳೆಯಬೇಕು. ನೀವು ಹಾಗೇ ಅಳೆದದ್ದು ಒಳ್ಳೆಯದಾಯಿತು.) ಬ್ಯಾಟರಿಗೆ ಉಳಿಯುವುದು ಬರೀ 10 ಆಂಪ್. ದಿನಕ್ಕೆ 16 ಗಂಟೆ ಕರೆಂಟ್ ಇದ್ದರೆ 160 ಎಎಚ್ ಒಳಗೆ ಹೋಗುತ್ತದೆ. ಚಾರ್ಜಿಂಗ್‌ನಲ್ಲಿ ಸೋರುವುದನ್ನು ಕಳೆದರೆ ಹೊರಗೆ ಸಿಗುವುದು 140ರ ಹತ್ತಿರ. ಅದನ್ನು 30ರಿಂದ ಭಾಗಿಸಿ ನೋಡಿ. ನಾಲ್ಕೂವರೆ ಗಂಟೆ ಚಿಲ್ಲರೆ!

ಮಾಡ್ಯೂಲ್ ಹೋದ ಮೊದಲ ದಿನವೇ ಹೀಗೆ ಆಗಿರುವುದಿಲ್ಲ. ಜೂನ್ ಮೊದಲ ವಾರ ಬ್ಯಾಟರಿ ತುಂಬಿತ್ತು, ಎಂಟು ಗಂಟೆಯೂ ಎಳೆದಿರುತ್ತದೆ. ಆದರೆ ದಿನಾ ಹೋಗುವುದು 240 ಎಎಚ್, ಬರುವುದು 140. ನಾಲ್ಕೈದು ದಿನದಲ್ಲಿ ತಳ ಕಂಡಿತು. ಈಗ 1000 ಎಎಚ್ ಹಾಕಿದರೂ ಒಂದು ವಾರ ಹೆಚ್ಚು ಓಡಬಹುದು, ಆಮೇಲೆ ಅದೇ ನಾಲ್ಕೂವರೆ. ಭಾಗಮಂಡಲದ ಕಡೆ ಒಂದು ಸೈಟ್‌ನಲ್ಲಿ ನಾವೇ ಹೀಗೆ ಮಾಡಿ ಬೇಸ್ತು ಬಿದ್ದಿದ್ದೇವೆ. ಹೊಸ ಬ್ಯಾಂಕನ್ನು ಕೆಸರಿನಲ್ಲಿ ಜೀಪ್ ಸಾಗದೆ ಹೊತ್ತುಕೊಂಡು ಹೋಗಿದ್ದೆವು. ಕೆಟ್ಟದ್ದು ಮಾಡ್ಯೂಲ್ ಅಂತ ಗೊತ್ತಾದದ್ದು ಆಮೇಲೆ.

ಖಚಿತ ಮಾಡಿಕೊಳ್ಳಲು ಒಂದು ಡಿಸಿ ಕ್ಲಾಂಪ್ ಮೀಟರ್ ಸಾಕು. ಬ್ಯಾಟರಿ ಖಾಲಿಯಾಗಿ ಕರೆಂಟ್ ವಾಪಸ್ ಬಂದ ಹತ್ತು ನಿಮಿಷಕ್ಕೆ ಬ್ಯಾಟರಿ ಕೇಬಲ್‌ಗೆ ಹಾಕಿ. ಎರಡೂ ಮಾಡ್ಯೂಲ್ ಸರಿ ಇದ್ದರೆ 47 ಆಂಪ್ ಹತ್ತಿರ ತೋರಿಸಬೇಕು. 10 ತೋರಿಸಿದರೆ ನಾನು ಹೇಳಿದ್ದೇ ಸರಿ. ಕಂಟ್ರೋಲರ್‌ನಲ್ಲಿ ಚಾರ್ಜಿಂಗ್ ಮಿತಿಯನ್ನು ಯಾರಾದರೂ ಇಳಿಸಿಟ್ಟಿದ್ದಾರಾ ಅಂತಲೂ ನೋಡಿ. 600 ಎಎಚ್‌ಗೆ 60 ಆಂಪ್‌ವರೆಗೆ ಬಿಡಬಹುದು.

ಮಾಡ್ಯೂಲ್ ಹಾಕಿದ ಮೇಲೂ ಕೆಲಸ ಇದೆ. ವಾರಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಸೀಸದ ಬ್ಯಾಟರಿಯ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಜನರೇಟರ್ ಇಟ್ಟುಕೊಂಡಾದರೂ ಸರಿ, ಬ್ಯಾಟರಿ ಕಂಪನಿ ಹೇಳಿದಷ್ಟು ಹೊತ್ತು ಬೂಸ್ಟ್ ಚಾರ್ಜ್ ಕೊಡಿ. ಸಾಮಾನ್ಯವಾಗಿ ಸೆಲ್‌ಗೆ 2.3 ವೋಲ್ಟ್, 24 ಸೆಲ್‌ಗೆ 55.2. ಆಮೇಲೆ ಮೇನ್ಸ್ ತೆಗೆದು ಸೈಟನ್ನು ಬ್ಯಾಟರಿ ಮೇಲೆ ಓಡಿಸಿ, ಗಂಟೆಗೊಮ್ಮೆ 24 ಸೆಲ್‌ಗಳನ್ನೂ ಒಂದೊಂದಾಗಿ ಅಳೆಯಿರಿ. ಎಲ್ಲವೂ 2 ವೋಲ್ಟ್ ಆಸುಪಾಸಿನಲ್ಲಿ ಒಟ್ಟಿಗೆ ಇಳಿಯಬೇಕು. ಎರಡನೇ ಗಂಟೆಗೇ ಒಂದು ಸೆಲ್ 1.8ಕ್ಕೆ ಜಾರಿದರೆ ಅದು ಸೋತಿದೆ, ಉಳಿದ 23ನ್ನೂ ಅದೇ ಎಳೆದು ಬೀಳಿಸುತ್ತದೆ. ಕರೆಂಟ್ ಇರುವಾಗ ಅಳೆದರೆ ಈ ಸೆಲ್ ಒಳ್ಳೆಯವನಂತೆ ನಟಿಸುತ್ತದೆ, ನಂಬಬೇಡಿ.

ಇನ್ನು ಸೈಜಿನ ಮಾತು. ಕೊಡಗಿನಲ್ಲಿ ನಾನು 12 ಗಂಟೆ ಇಟ್ಟುಕೊಳ್ಳುತ್ತೇನೆ. ಸಂಜೆ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿದ್ದರೆ ಬೆಳಗಾಗದೆ ಯಾರೂ ತೋಟದೊಳಗೆ ಇಳಿಯುವುದಿಲ್ಲ. ಡೀಸೆಲ್ ಕ್ಯಾನ್ ಬರುವುದೂ ಆಗಲೇ. 30 ಆಂಪ್ × 12 ಗಂಟೆ ಅಂದರೆ 360 ಎಎಚ್. 80 ಭಾಗ ಮಾತ್ರ ತೆಗೆಯಬೇಕು ಅಂತ 0.8ರಿಂದ ಭಾಗಿಸಿದರೆ 450. ವಯಸ್ಸಿಗೆ ಇನ್ನೊಮ್ಮೆ 0.8ರಿಂದ ಭಾಗಿಸಿದರೆ 562.

ಆದರೆ 80 ಭಾಗ ಅನ್ನುವುದು ಅಪರೂಪದ ರಾತ್ರಿಗೆ. ದಿನಾ ಅಷ್ಟು ಆಳಕ್ಕೆ ಇಳಿಸಿದರೆ ಬ್ಯಾಟರಿ ಬೇಗ ಸಾಯುತ್ತದೆ. ದಿನದ ಬಳಕೆಗೆ ನನ್ನ ಮಿತಿ 50 ಭಾಗ. ನಿಮ್ಮ ಎಂಟು ಗಂಟೆಯ 240 ಎಎಚ್‌ಗೆ ಈ ಲೆಕ್ಕ ಹಾಕಿ: 0.5ರಿಂದ ಭಾಗಿಸಿದರೆ 480, ವಯಸ್ಸು ಸೇರಿಸಿದರೆ 600. ಎರಡು ದಾರಿಯಲ್ಲಿ ಹೋದರೂ ಉತ್ತರ 600ರ ಹತ್ತಿರವೇ ಬಂತು. ನಿಮ್ಮ ಸೈಟ್‌ಗೆ ಲೆಕ್ಕ ಹಾಕಿದವರು ತಪ್ಪು ಮಾಡಿಲ್ಲ.

ಕಾಗದದ ಮೇಲಿನ ಮಿತಿಯನ್ನು ಸೈಟ್‌ನಲ್ಲಿ ಕಾಯುವುದು ಎಲ್‌ವಿಡಿ, ಅಂದರೆ ವೋಲ್ಟ್ ಇಳಿದಾಗ ಲೋಡ್ ಕತ್ತರಿಸುವ ಸ್ವಿಚ್. ಇಲ್ಲಿ ಒಂದು ಮೋಸವಿದೆ. ಅದನ್ನು ಎಷ್ಟೋ ಕಡೆ 43.2 ವೋಲ್ಟ್‌ಗೆ ಇಟ್ಟಿರುತ್ತಾರೆ. ಲೋಡ್ ಕಡಿಮೆ ಇದ್ದರೆ ಬ್ಯಾಟರಿ ಖಾಲಿಯಾಗುತ್ತಿದ್ದರೂ ವೋಲ್ಟ್ ಮಾತ್ರ ಬೇಗ ಇಳಿಯುವುದಿಲ್ಲ. ನಿಮ್ಮಂತೆ 20 ಗಂಟೆ ಲೆಕ್ಕದ ನಿಧಾನ ಲೋಡ್‌ನಲ್ಲಿ 43.2 ಬರುವಷ್ಟರಲ್ಲಿ 80 ಭಾಗ ಎಂದೋ ದಾಟಿರುತ್ತದೆ. ಇಂಥ ಸೈಟ್‌ನಲ್ಲಿ 45.5ರ ಆಸುಪಾಸಿನಲ್ಲಿ ಇಡುವುದು ವಾಸಿ. ಕಂಪನಿಯ ಡಿಸ್ಚಾರ್ಜ್ ಕರ್ವ್ ನೋಡಿ, ನಿಮ್ಮ ಲೋಡಿನ ಗೆರೆಯಲ್ಲಿ 80 ಭಾಗ ಎಲ್ಲಿ ಬರುತ್ತದೆ ಅಂತ ಓದಿಕೊಂಡೇ ಇಡಿ. ಲೋಡ್ ಬದಲಾದರೆ ಇದೂ ಬದಲಾಗಬೇಕು.

2018ರ ಆಗಸ್ಟ್‌ನ ಹಾಗೆ ಗುಡ್ಡ ಕುಸಿದು ರಸ್ತೆಯೇ ಹೋದರೆ? ಅದಕ್ಕೆ 24 ಗಂಟೆ ಬೇಕು ಅಂದರೆ 600ರ ಎರಡು ಬ್ಯಾಂಕ್ ಬೇಕಾಗುತ್ತದೆ. ಅವನ್ನು ತುಂಬಲು 120 ಆಂಪ್, ಲೋಡ್‌ಗೆ 27, ಒಟ್ಟು 147. ಅಂದರೆ ನಾಲ್ಕು ಮಾಡ್ಯೂಲ್, ಜೊತೆಗೆ ಒಂದು ಸ್ಪೇರ್. ಜನರೇಟರ್ ಕೂಡ ಅಷ್ಟು ಹೊರೆ ಹೊರಬೇಕು, ಸುಮಾರು 9 ಕಿಲೋವ್ಯಾಟ್. ಇಲ್ಲವಾದರೆ ಬ್ಯಾಟರಿ ತುಂಬಲು ಇಡೀ ದಿನ ಡೀಸೆಲ್ ಸುಡುತ್ತೀರಿ. ಆಫೀಸಿಗೆ ಪತ್ರ ಬರೆಯುವಾಗ ಬ್ಯಾಟರಿ ಒಂದನ್ನೇ ಕೇಳಬೇಡಿ, ಈ ಮೂರನ್ನೂ ಒಂದೇ ಹಾಳೆಯಲ್ಲಿ ಕೇಳಿ. ಈ ವಾರಕ್ಕೆ ಮಾತ್ರ ಆ ಸುಟ್ಟ ಮಾಡ್ಯೂಲ್ ಬದಲಾಗಲಿ.