1.77 ಏನು?

ಒಂದು ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಹಡಗಿನ ಕ್ಯಾಪ್ಟನ್ ವಯಸ್ಸೆಷ್ಟು?

ಓದಿದ ಕೂಡಲೇ ನಗು ಬರುತ್ತದೆ. ಸುಮಾರು 1980ರ ಹೊತ್ತಿಗೆ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಈ ಲೆಕ್ಕವನ್ನು ಪ್ರಾಥಮಿಕ ಶಾಲೆಯ 97 ಮಕ್ಕಳಿಗೆ ಕೊಟ್ಟು ನೋಡಿದರು. ಅವರಲ್ಲಿ 76 ಮಕ್ಕಳು ಆ ಎರಡು ಸಂಖ್ಯೆಗಳನ್ನೇ ಹಿಡಿದು ಒಂದು ವಯಸ್ಸು ಬರೆದುಕೊಟ್ಟರು. ಕೂಡಿದರೆ 36. ಕ್ಯಾಪ್ಟನ್‌ಗೆ ಚೆನ್ನಾಗಿ ಒಪ್ಪುವ ವಯಸ್ಸು ಬೇರೆ!

ಮಕ್ಕಳು ದಡ್ಡರು ಅಂತಲ್ಲ. ಲೆಕ್ಕದ ಪುಸ್ತಕದಲ್ಲಿ ಪ್ರಶ್ನೆಗೆ ಬೇಕಾದಷ್ಟು ಮಾಹಿತಿ ಇದ್ದೇ ಇರುತ್ತದೆ, ಬೇಡದ್ದು ಒಂದೂ ಇರುವುದಿಲ್ಲ. ಹಾಗಾಗಿ ಕಂಡ ಸಂಖ್ಯೆಗಳನ್ನೆಲ್ಲ ಬಳಸಿ ಮುಗಿಸುವುದೇ ಲೆಕ್ಕ ಮಾಡುವುದು ಅಂತ ಅವರಿಗೆ ರೂಢಿಯಾಗಿರುತ್ತದೆ. ಪುಸ್ತಕದ ಹೊರಗಿನ ಲೆಕ್ಕಗಳು ಹಾಗಿರುವುದಿಲ್ಲ. ಅಲ್ಲಿ ಏನಾದರೊಂದು ಬಿಟ್ಟುಹೋಗಿರುವುದೇ ಜಾಸ್ತಿ.

ಆದರೆ ಏನೋ ಬಿಟ್ಟುಹೋಗಿದೆ ಅಂದ ಮಾತ್ರಕ್ಕೆ ಪೆನ್ನು ಕೆಳಗಿಡಬೇಕಿಲ್ಲ. ಈ ಲೆಕ್ಕ ನೋಡಿ. ಒಬ್ಬರು ಒಂದೂರಿಗೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರು. ಅದೇ ದಾರಿಯಲ್ಲಿ 40 ಕಿ.ಮೀ. ವೇಗದಲ್ಲಿ ವಾಪಸ್ ಬಂದರು. ಇಡೀ ಪ್ರಯಾಣದ ಸರಾಸರಿ ವೇಗ ಎಷ್ಟು?

ದೂರ ಎಷ್ಟು ಅಂತಲೇ ಹೇಳಿಲ್ಲ, ಅಲ್ವಾ? ಕೇಳಬೇಕೋ ಬೇಡವೋ ಅಂತ ತಿಳಿಯಲು ಒಂದು ಸುಲಭದ ದಾರಿ ಇದೆ. ಗೊತ್ತಿಲ್ಲದ ಜಾಗಕ್ಕೆ ಸುಮ್ನೆ ಒಂದು ಸಂಖ್ಯೆ ಹಾಕಿ. ಆಮೇಲೆ ಅದನ್ನು ಅಳಿಸಿ ಇನ್ನೊಂದು ಹಾಕಿ. ದೂರ 120 ಕಿ.ಮೀ. ಅಂದುಕೊಂಡರೆ ಹೋಗಲು 2 ಗಂಟೆ, ಬರಲು 3 ಗಂಟೆ. ಒಟ್ಟು 240 ಕಿ.ಮೀ.ಗೆ 5 ಗಂಟೆ, ಅಂದರೆ ಸರಾಸರಿ 48. ಈಗ ದೂರ 60 ಕಿ.ಮೀ. ಅನ್ನಿ. ಹೋಗಲು 1 ಗಂಟೆ, ಬರಲು ಒಂದೂವರೆ. 120 ಕಿ.ಮೀ.ಗೆ ಎರಡೂವರೆ ಗಂಟೆ. ಮತ್ತೆ 48!

ಎರಡು ಸಲ ಒಂದೇ ಉತ್ತರ ಬಂದರೆ ಅದೇ ರುಜುವಾತು ಅಂತ ಹೇಳಲಾಗದು. ಆದರೆ ಕಾರಣ ಹುಡುಕಬೇಕಾದ ಜಾಗ ಗೊತ್ತಾಗುತ್ತದೆ. ಇಲ್ಲಿ ಕಾರಣ ಹತ್ತಿರದಲ್ಲೇ ಇದೆ. ದೂರ ಎರಡರಷ್ಟಾದರೆ ಹಿಡಿಯುವ ಸಮಯವೂ ಎರಡರಷ್ಟಾಗುತ್ತದೆ, ಭಾಗಿಸುವಾಗ ಎರಡೂ ಹೊಡೆದುಹೋಗುತ್ತವೆ. ಹಾಗಾಗಿ ದೂರ ಕೇಳುವ ಅಗತ್ಯವೇ ಇಲ್ಲ. (50 ಅಂದುಕೊಂಡಿದ್ದೀರಾ? ನಿಧಾನವಾಗಿ ಬರುವಾಗ ಹೆಚ್ಚು ಹೊತ್ತು ಹಿಡಿಯಿತು, ಅದಕ್ಕೇ ಸರಾಸರಿ 40ರ ಕಡೆಗೆ ವಾಲಿದೆ.)

ಈಗ ಲೆಕ್ಕವನ್ನು ಸ್ವಲ್ಪ ತಿರುಚೋಣ. 'ಸ್ವಲ್ಪ ದೂರ 60ರ ವೇಗದಲ್ಲಿ, ಉಳಿದ ದೂರ 40ರ ವೇಗದಲ್ಲಿ ಹೋದರು.' ಓದಲು ಎರಡೂ ಒಂದೇ ಥರ ಇವೆ. ಮೊದಲ ಭಾಗ 120 ಕಿ.ಮೀ., ಎರಡನೆಯದು 40 ಕಿ.ಮೀ. ಅಂತ ಹಾಕಿದರೆ 160 ಕಿ.ಮೀ.ಗೆ 3 ಗಂಟೆ, ಸರಾಸರಿ ಸುಮಾರು 53. ಮೊದಲನೆಯದು 60, ಎರಡನೆಯದು 120 ಅಂತ ಹಾಕಿದರೆ 180 ಕಿ.ಮೀ.ಗೆ 4 ಗಂಟೆ, ಸರಾಸರಿ 45. ಉತ್ತರ ಅಲುಗಾಡಿತು. ಇಲ್ಲಿ ಕೇಳಲೇಬೇಕು.

ಏನನ್ನು ಕೇಳಬೇಕು ಅನ್ನುವುದೂ ಇಲ್ಲೇ ಸಿಗುತ್ತದೆ. ಎರಡೂ ದೂರಗಳನ್ನು ಕೇಳಬೇಕಿಲ್ಲ. ಮೊದಲ ಭಾಗ ಎರಡನೆಯದರ ಎಷ್ಟು ಪಟ್ಟು ಅಂತ ಗೊತ್ತಾದರೆ ಸಾಕು. 'ಮಾಹಿತಿ ಸಾಲದು' ಅಂತ ಬರೆದು ಕೈತೊಳೆದುಕೊಳ್ಳುವುದಕ್ಕಿಂತ ಈ ಒಂದು ಪ್ರಶ್ನೆಗೆ ಹೆಚ್ಚು ಬೆಲೆ ಇದೆ ಅಂತ ನನಗನಿಸುತ್ತದೆ. ಜತೆಗೆ, ಏನೂ ಕೇಳದೆಯೂ ಒಂದು ಮಾತು ಹೇಳಬಹುದು. ಉತ್ತರ 40 ಮತ್ತು 60ರ ನಡುವೆಯೇ ಇರಬೇಕು.

ಕುರಿ-ಮೇಕೆಗಳ ಲೆಕ್ಕಕ್ಕೂ ಇದನ್ನೇ ಮಾಡಿ ನೋಡಿ. ಕ್ಯಾಪ್ಟನ್ ವಯಸ್ಸು 30 ಅನ್ನಿ, 60 ಅನ್ನಿ, ಹಡಗಿನಲ್ಲಿ ಒಂದು ಮೇಕೆಯೂ ಹೆಚ್ಚು ಕಡಿಮೆ ಆಗುವುದಿಲ್ಲ. ಕೊಟ್ಟದ್ದಕ್ಕೂ ಕೇಳಿದ್ದಕ್ಕೂ ನಂಟೇ ಇಲ್ಲ.

ಒಂದು ಪ್ರಮಾಣವೇ ಬಿಟ್ಟುಹೋದರೆ ಆ ಜಾಗ ಖಾಲಿ ಕಾಣುತ್ತದೆ. ಏಕಮಾನ ಬಿಟ್ಟುಹೋದರೆ ಹಾಗಲ್ಲ. ಸಂಖ್ಯೆ ಕಣ್ಣೆದುರಿಗೇ ಇರುತ್ತದೆ, ಲೆಕ್ಕವೂ ಸರಾಗವಾಗಿ ಸಾಗುತ್ತದೆ. ಬಡ್ಡಿ ಶೇ. 2 ಅಂದರೆ ತಿಂಗಳಿಗೋ ವರ್ಷಕ್ಕೋ ಅಂತ ಹೇಳದಿದ್ದರೆ ಉತ್ತರದಲ್ಲಿ 12 ಪಟ್ಟು ವ್ಯತ್ಯಾಸ ಬರಬಹುದು. ಆದರೂ ಕೂಡುವ, ಗುಣಿಸುವ ಕೆಲಸ ಎಲ್ಲೂ ಕಟ್ಟಿಕೊಳ್ಳುವುದಿಲ್ಲ.

ಇಂಥದ್ದೊಂದು ಲೆಕ್ಕ 1983ರ ಜುಲೈ 23ರಂದು ಕೆನಡಾದಲ್ಲಿ ನಡೆಯಿತು. ಮಾಂಟ್ರಿಯಲ್‌ನಿಂದ ಹೊರಡಬೇಕಿದ್ದ ಏರ್ ಕೆನಡಾದ ಬೋಯಿಂಗ್ 767 ವಿಮಾನದಲ್ಲಿ ಇಂಧನ ತೋರಿಸುವ ಮೀಟರ್ ಕೆಲಸ ಮಾಡುತ್ತಿರಲಿಲ್ಲ. ಟ್ಯಾಂಕಿನಲ್ಲಿ ಎಷ್ಟಿದೆ ಅಂತ ಅಳತೆ ಕಡ್ಡಿಯಿಂದ ನೋಡಿದಾಗ 7,682 ಲೀಟರ್ ಸಿಕ್ಕಿತು. ಪ್ರಯಾಣಕ್ಕೆ ಬೇಕಿದ್ದದ್ದು 22,300 ಕಿಲೋಗ್ರಾಂ. ಇರುವುದು ಲೀಟರಿನಲ್ಲಿ, ಬೇಕಿರುವುದು ಕಿಲೋದಲ್ಲಿ. ಇವೆರಡನ್ನು ಜೋಡಿಸಲು ಒಂದು ಲೀಟರ್ ಇಂಧನದ ತೂಕ ಬೇಕು. ಅದಕ್ಕೆ ಅವರು ಬಳಸಿದ ಸಂಖ್ಯೆ 1.77.

ಲೆಕ್ಕ ಹೀಗೆ ಸಾಗಿತು. 7,682ನ್ನು 1.77ರಿಂದ ಗುಣಿಸಿದರೆ 13,597. ಅದನ್ನು 22,300ರಿಂದ ಕಳೆದರೆ 8,703 ಇನ್ನೂ ಬೇಕು. ಅದನ್ನು 1.77ರಿಂದ ಭಾಗಿಸಿದರೆ 4,917 ಲೀಟರ್. ಹೆಚ್ಚುಕಡಿಮೆ ಅಷ್ಟನ್ನು ತುಂಬಿಸಿ ವಿಮಾನ ಹೊರಟಿತು. ಈ ಗುಣಾಕಾರ, ವ್ಯವಕಲನ, ಭಾಗಾಕಾರಗಳನ್ನು ನೀವೇ ಮಾಡಿ ನೋಡಿ, ಒಂದು ತಪ್ಪೂ ಸಿಗುವುದಿಲ್ಲ.

1.77 ಕೂಡ ತಪ್ಪು ಸಂಖ್ಯೆಯಲ್ಲ. ಆ ದಿನದ ಒಂದು ಲೀಟರ್ ಇಂಧನ 1.77 ಪೌಂಡ್ ತೂಗುತ್ತಿತ್ತು. ಕಿಲೋದಲ್ಲಿ ಹೇಳುವುದಾದರೆ ಸುಮಾರು 0.8. ಆ ಸಂಸ್ಥೆಯ ಹಳೆಯ ವಿಮಾನಗಳ ಲೆಕ್ಕವೆಲ್ಲ ಪೌಂಡಿನಲ್ಲಿತ್ತು, ಹೊಸ 767 ಕಿಲೋಗ್ರಾಂ ಕೇಳುತ್ತಿತ್ತು. ಸಂಖ್ಯೆಯ ಪಕ್ಕದಲ್ಲಿ 'ಲೀಟರಿಗೆ ಇಷ್ಟು ಪೌಂಡ್' ಅಂತ ಬರೆದುಕೊಂಡು ಗುಣಿಸಿದ್ದರೆ 13,597ರ ಮುಂದೆಯೂ ಪೌಂಡ್ ಅಂತಲೇ ಬರುತ್ತಿತ್ತು. 22,300 ಕಿಲೋದಿಂದ 13,597 ಪೌಂಡನ್ನು ಕಳೆಯಲು ಯಾರ ಕೈಯೂ ಮುಂದಾಗುತ್ತಿರಲಿಲ್ಲ.

ಹಾಗೆ ಬರೆಯದಿದ್ದರೂ ಅನುಮಾನ ಬರಲು ಇನ್ನೊಂದು ದಾರಿ ಇತ್ತು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ವಿಮಾನದ ಇಂಧನ ಒಂದು ಬಗೆಯ ಸೀಮೆಎಣ್ಣೆ, ಅದು ನೀರಿನ ಮೇಲೆ ತೇಲುತ್ತದೆ. ತೇಲುವ ವಸ್ತು ಲೀಟರಿಗೆ 1.77 ಕಿಲೋ ತೂಗುವುದು ಹೇಗೆ? ಹಾಗಾದರೆ ಈ 1.77 ಏನು, ಕಿಲೋ ಅಲ್ಲದಿದ್ದರೆ ಮತ್ತೇನು? ಬರಿಯ ಸಂಖ್ಯೆ ಸಿಕ್ಕಾಗ ನಮಗೆ ಗೊತ್ತಿರುವ ಒಂದು ವಸ್ತುವಿನ ಪಕ್ಕದಲ್ಲಿ ಹೀಗೆ ಇಟ್ಟು ನೋಡುವುದು ಒಳ್ಳೆಯ ಅಭ್ಯಾಸ. ಆದರೆ ಇದನ್ನೇ ಪೂರ್ತಿ ನೆಚ್ಚಿಕೊಳ್ಳಲಾಗದು. ಎರಡು ಏಕಮಾನಗಳು ಹತ್ತಿರ ಹತ್ತಿರ ಇದ್ದರೆ, ಉದಾಹರಣೆಗೆ ಗಜ ಮತ್ತು ಮೀಟರ್, ತಪ್ಪಾದ ಉತ್ತರವೂ ಸರಿಯಾದದ್ದರಂತೆಯೇ ಕಾಣುತ್ತದೆ. ಆಗ ಬರೆದವರನ್ನೇ ಕೇಳಬೇಕು.

ಸರಿಯಾದ ಲೆಕ್ಕದಲ್ಲಿ ಆ ವಿಮಾನಕ್ಕೆ ಇನ್ನೂ ಸುಮಾರು 20,000 ಲೀಟರ್ ಬೇಕಿತ್ತು. ಸಿಕ್ಕಿದ್ದು ಅದರ ಕಾಲು ಭಾಗ. 41,000 ಅಡಿ ಎತ್ತರದಲ್ಲಿ ಹಾರುವಾಗ ಇಂಧನ ಮುಗಿಯುತ್ತಾ ಬಂತು, ಎರಡೂ ಎಂಜಿನ್‌ಗಳು ಒಂದಾದ ಮೇಲೊಂದು ನಿಂತವು. ಪೈಲಟ್‌ಗಳು ವಿಮಾನವನ್ನು ಗ್ಲೈಡರ್‌ನಂತೆ ತೇಲಿಸುತ್ತಾ ಗಿಮ್ಲಿ ಎಂಬಲ್ಲಿದ್ದ ವಾಯುಪಡೆಯ ಹಳೆಯ ರನ್‌ವೇ ಮೇಲೆ ಇಳಿಸಿದರು. ಒಳಗಿದ್ದ 69 ಜನರೂ ಬದುಕುಳಿದರು. ಟ್ಯಾಂಕಿನಲ್ಲಿ 22,300 ಇದ್ದದ್ದು ಮಾತ್ರ ನಿಜವೇ ಆಗಿತ್ತು, ಪೌಂಡಿನಲ್ಲಿ.